ಐನೂರು ಡೀಲ್‌ನಲ್ಲಿ ರಿಜಿಸ್ಟ್ರೇಷನ್ ಎಷ್ಟು?

‘ರಾಜರಾಜೇಶ್ವರಿ ನಗರದ ನಂಬರ್ ಒನ್ ಪ್ರಾಪರ್ಟಿ ಕನ್ಸಲ್ಟೆಂಟ್. 12 ವರ್ಷಗಳ ಅನುಭವ. 500 ಡೀಲ್. ನೂರಕ್ಕೆ ನೂರು ಕ್ಲಿಯರ್ ಟೈಟಲ್. 5 ವರ್ಷದಲ್ಲಿ ಹಣ ಡಬಲ್.’

ಬೆಂಗಳೂರಿನ ಎಷ್ಟೋ ಬ್ರೋಕರ್‌ಗಳ ವಿಸಿಟಿಂಗ್ ಕಾರ್ಡಿನಲ್ಲಿ ಹೆಚ್ಚುಕಡಿಮೆ ಇದೇ ಒಕ್ಕಣೆ, ಬಡಾವಣೆಯ ಹೆಸರು ಮಾತ್ರ ಬೇರೆ. ಇದನ್ನೇ ಒಬ್ಬ ಬ್ರೋಕರ್ ಉತ್ಪ್ರೇಕ್ಷೆ ಬಿಟ್ಟು ಬರೆದರೆ ಹೇಗಿರುತ್ತದೆ? ಈ ಕಾರ್ಡಿನ ಯಜಮಾನ ಕಲ್ಪಿತ, ಅವನ ಲೆಕ್ಕವೂ ಉದಾಹರಣೆಗಾಗಿ ಕಟ್ಟಿದ್ದು. ಬಡಾವಣೆ, ಕಾಯಿದೆ, ದಾಖಲೆಗಳು ಮಾತ್ರ ನಿಜದವು.

ಮೊದಲು ಆ 500 ಡೀಲ್. ಬಾಡಿಗೆ ಮನೆ ಕೊಡಿಸಿದ್ದೂ ಒಂದು ಡೀಲ್, ಒಂದೂವರೆ ಕೋಟಿಯ ಮನೆ ಮಾರಿಸಿದ್ದೂ ಒಂದು ಡೀಲ್. ನಮ್ಮ ಯಜಮಾನನ ಡೈರಿ ಬಿಚ್ಚಿದರೆ 410 ಬಾಡಿಗೆ, 38 ಭೋಗ್ಯ, ಉಳಿದ 52 ಮಾರಾಟ ಅಂತಿಟ್ಟುಕೊಳ್ಳಿ. ಆ 52ರಲ್ಲಿ 31ಕ್ಕೆ ಇನ್ನೊಬ್ಬ ಬ್ರೋಕರ್ ಜೊತೆಗಿದ್ದ. ಕೊಳ್ಳುವವರನ್ನು ಒಬ್ಬ ತಂದ, ಮಾರುವವರನ್ನು ಇನ್ನೊಬ್ಬ ತಂದ, ಕಮಿಷನ್ ಹಂಚಿಕೊಂಡರು. ಆ ಇನ್ನೊಬ್ಬನ ಕಾರ್ಡಿನಲ್ಲೂ ಅದೇ 31 ಸೇರಿರುತ್ತದೆ. ಇವನೊಬ್ಬನೇ ಎರಡೂ ಕಡೆ ನಿಂತು ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ ತಂದದ್ದು 21. ಹನ್ನೆರಡು ವರ್ಷಕ್ಕೆ 21 ಅಂದರೆ ಕಡಿಮೆಯೇನಲ್ಲ. ಕಾಗದಪತ್ರ ನೋಡಿ, ನಾಲ್ಕು ಸಲ ಮನೆ ತೋರಿಸಿ, ಬ್ಯಾಂಕಿನವರಿಗೆ ಉತ್ತರ ಕೊಟ್ಟು ಮುಗಿಸುವ ಒಂದು ಮಾರಾಟ ತಿಂಗಳುಗಟ್ಟಲೆ ಎಳೆಯುತ್ತದೆ. ಆದರೂ ‘21’ ಅಂತ ಕಾರ್ಡಿನಲ್ಲಿ ಹಾಕಲು ಧೈರ್ಯ ಬೇಕು, ಪಕ್ಕದ ಅಂಗಡಿಯವನು 500 ಅಂತ ಹಾಕಿರುತ್ತಾನಲ್ಲ.

ಈ ಅಂಕಿಯನ್ನು ಹೊರಗಿನವರು ತಾಳೆ ನೋಡುವ ದಾರಿಯೇ ಇಲ್ಲ ಅನ್ನುವುದು ಜನರ ಗಮನಕ್ಕೆ ಬರುವುದಿಲ್ಲ. ಕ್ರಯಪತ್ರದಲ್ಲಿ ಮಾರಿದವರ ಹೆಸರು, ಕೊಂಡವರ ಹೆಸರು, ಸಾಕ್ಷಿಗಳ ಸಹಿ ಇರುತ್ತವೆ. ಬ್ರೋಕರ್ ಸಾಕ್ಷಿ ಹಾಕಿದ್ದರೆ ಉಂಟು, ಇಲ್ಲದಿದ್ದರೆ ಅವನ ಹೆಸರಿನ ಸುಳಿವೂ ಅಲ್ಲಿರುವುದಿಲ್ಲ. ‘ನೂರು ಕೋಟಿ ವಹಿವಾಟು’ ಎಂಬ ಮಾತಿಗಂತೂ ಇನ್ನೂ ಅರ್ಥ ಕಡಿಮೆ. ಅದು ಬೇರೆಯವರ ಆಸ್ತಿಯ ಬೆಲೆ. ಮುಖ್ಯರಸ್ತೆಯ ಒಂದೇ ಒಂದು ಕಾಂಪ್ಲೆಕ್ಸ್ ಕೈಬದಲಾದರೆ ಮೊತ್ತ ಜಿಗಿದುಬಿಡುತ್ತದೆ. ‘ನಾನು ಮಾಡಿಸಿದ ಬಹುಪಾಲು ಮಾರಾಟ 60 ಲಕ್ಷದಿಂದ ಒಂದೂವರೆ ಕೋಟಿಯೊಳಗಿನವು’ ಎಂದು ಬರೆದರೆ ಓದುವವರಿಗೆ ತಮ್ಮ ಬಜೆಟ್ಟಿನವರು ಇವರು ಹೌದೋ ಅಲ್ಲವೋ ತಿಳಿಯುತ್ತದೆ. ಜೊತೆಗೆ, ಇತ್ತೀಚಿನ ಒಂದೆರಡು ವ್ಯವಹಾರದಲ್ಲಿ ಮಾರಿದವರು, ಕೊಂಡವರು ಇಬ್ಬರ ಜೊತೆಗೂ ಅವರ ಒಪ್ಪಿಗೆ ಪಡೆದು ಮಾತಾಡಿಸುತ್ತೇನೆ ಎಂದು ಸೇರಿಸಬೇಕು. ಬರೀ ಕೊಂಡವರ ಹೊಗಳಿಕೆ ಸಾಲದು, ಮಾರಿದವರು ಬೇರೆಯೇ ಕಥೆ ಹೇಳಬಹುದು.

ಇನ್ನು ಏರಿಯಾ ಗೊತ್ತು ಅನ್ನುವ ಮಾತು. ರಾಜರಾಜೇಶ್ವರಿ ನಗರ ಅನ್ನುವುದು ಒಂದೇ ಬಡಾವಣೆಯಲ್ಲ. ಐಡಿಯಲ್ ಹೋಮ್ಸ್‌ನಂಥ ಸೊಸೈಟಿ ಲೇಔಟ್ ಇದೆ, ಬಿಇಎಂಎಲ್ ಲೇಔಟ್ ಇದೆ, ಅವುಗಳ ನಡುನಡುವೆ ಹಳೆಯ ಹಳ್ಳಿಗಳ ಜಮೀನು ತುಂಡಾಗಿ ಹುಟ್ಟಿದ ರೆವಿನ್ಯೂ ಸೈಟುಗಳೂ ಇವೆ. 2007ರಲ್ಲಿ ಬೃಹತ್ ಬೆಂಗಳೂರು ಪಾಲಿಕೆಗೆ ಸೇರುವ ಮುಂಚೆ ಇದು ಬೇರೆ ನಗರಸಭೆ. ಆದ್ದರಿಂದ ಇಂಥ ಕಡೆ ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದಕ್ಕೆ ಎ ಖಾತಾ, ಇನ್ನೊಂದಕ್ಕೆ ಬಿ ಖಾತಾ ಇದ್ದರೆ ಆಶ್ಚರ್ಯವಿಲ್ಲ. ಬಿ ಖಾತಾ ಮನೆಗೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ, ಬೆಲೆಯೂ ಕೆಳಗೆ. ಯಾವ ಲೇಔಟಿನ ಯಾವ ತುಂಡು ಯಾರು ಮಂಜೂರು ಮಾಡಿದ್ದು, ಎಲ್ಲಿ ಕಾವೇರಿ ನೀರು ಬರುತ್ತದೆ, ಎಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯಬೇಕು, ಯಾವ ಅಡ್ಡರಸ್ತೆ ರಾಜಕಾಲುವೆಗೆ ತಾಗಿದೆ: ಏರಿಯಾ ಬಲ್ಲವನು ಹೇಳಬೇಕಾದದ್ದು ಇವನ್ನು. ‘ಮೆಟ್ರೋ ಐದು ನಿಮಿಷ’ ಎಂದರೆ ಯಾವ ಮನೆಯಿಂದ? ನಿಲ್ದಾಣ ಇರುವುದು ಮೈಸೂರು ರಸ್ತೆಯ ಮೇಲೆ. ಒಳಗಿನ ಲೇಔಟುಗಳಿಂದ ಅಲ್ಲಿಗೆ ಹೋಗಲು ಬಸ್ಸೋ ಆಟೋನೋ ಹಿಡಿಯಬೇಕು. ತನಗೆ ಗೊತ್ತಿಲ್ಲದ ಜಾಗವನ್ನೂ ಪ್ರೊಫೈಲಿನಲ್ಲಿ ಹೇಳಿಕೊಂಡವರನ್ನು ನಾನು ಹೆಚ್ಚು ನಂಬುತ್ತೇನೆ: ‘ಕೆಂಗೇರಿ ಆಚೆಗೆ ನಾನು ಕೆಲಸ ಮಾಡುವುದಿಲ್ಲ’ ಎಂಬ ಒಂದು ಸಾಲು.

ನೂರಕ್ಕೆ ನೂರು ಕ್ಲಿಯರ್ ಟೈಟಲ್ ಎಂದು ಬ್ರೋಕರ್ ಬರೆಯುವಂತೆಯೇ ಇಲ್ಲ. ಹಕ್ಕು ನಿಚ್ಚಳವಾಗಿದೆಯೇ ಎಂದು ಅಭಿಪ್ರಾಯ ಕೊಡುವುದು ವಕೀಲರ ಕೆಲಸ, ಅವರೂ ಕೊಡುವುದು ಅಭಿಪ್ರಾಯವನ್ನೇ ಹೊರತು ಗ್ಯಾರಂಟಿಯನ್ನಲ್ಲ. ಬ್ರೋಕರ್ ಮಾಡಬಹುದಾದದ್ದು ಅದಕ್ಕೂ ಮುಂಚಿನ ಜರಡಿ. ಮನೆ ತೋರಿಸುವ ಮೊದಲು ಇಸಿ ತೆಗೆಸಿ, ಇ-ಖಾತಾದಲ್ಲಿರುವ ಹೆಸರು, ಅಳತೆ, ಚಕ್ಕುಬಂದಿ ಕ್ರಯಪತ್ರಕ್ಕೆ ಹೊಂದುತ್ತವೆಯೇ ನೋಡಬಹುದು. ಇಸಿಗೂ ಮಿತಿಯಿದೆ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ ಅಗ್ರಿಮೆಂಟ್, ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ದಾವೆ ಎಷ್ಟೋ ಸಲ ಕಾಣುವುದೇ ಇಲ್ಲ.

ಒಂದು ಉದಾಹರಣೆ. ತಂದೆ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು ಪಿತ್ರಾರ್ಜಿತ ಸೈಟು ಮಾರಲು ಬರುತ್ತಾರೆ. ಇಸಿ ಸ್ವಚ್ಛ, ಖಾತೆ ಅಣ್ಣನ ಹೆಸರಿಗಿದೆ. ಚೆನ್ನಾಗಿ ಪಳಗಿದ ಬ್ರೋಕರ್ ಕೇಳುವ ಮೊದಲ ಪ್ರಶ್ನೆ, ‘ಅಕ್ಕತಂಗಿಯರು ಎಷ್ಟು ಜನ?’ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ವಂಶವೃಕ್ಷ ತರಿಸಿದಾಗ ಮದುವೆಯಾಗಿ ಹೋದ ಒಬ್ಬ ಅಕ್ಕ ಕಾಣಿಸಿಕೊಂಡು, ‘ಅವಳೇನೂ ಕೇಳಲ್ಲ ಸಾರ್’ ಅಂದರೆ, ಅವಳು ಬಂದು ಸಹಿ ಹಾಕುವವರೆಗೆ ಆ ಸೈಟು ಯಾರಿಗೂ ತೋರಿಸಬಾರದು. ಪ್ರೊಫೈಲಿನಲ್ಲಿ ‘ಜನರ ನಂಬಿಕೆ ಗಳಿಸಿದ್ದೇವೆ’ ಎನ್ನುವುದಕ್ಕಿಂತ, ‘ವಂಶವೃಕ್ಷದಲ್ಲಿರುವ ಎಲ್ಲರೂ ಒಪ್ಪದ ಆಸ್ತಿಯನ್ನು ನಾನು ತೋರಿಸುವುದಿಲ್ಲ’ ಅಂದರೆ ಓದುವವರಿಗೆ ಹಿಡಿತ ಸಿಗುತ್ತದೆ.

ಐದು ವರ್ಷದಲ್ಲಿ ಡಬಲ್ ಆಗಬೇಕಾದರೆ ಬೆಲೆ ಪ್ರತಿ ವರ್ಷ ಸುಮಾರು ಶೇ. 15ರಂತೆ ತಪ್ಪದೆ ಏರುತ್ತಲೇ ಹೋಗಬೇಕು. ಅದು ಬ್ರೋಕರ್ ಕೈಯಲ್ಲಿಲ್ಲ, ಆ ಸಾಲು ತೆಗೆದುಹಾಕುವುದೇ ಲೇಸು. ಬದಲಿಗೆ ಹಾಕಬೇಕಾದದ್ದು ರೇರಾ ನಂಬರ್. 2016ರ ಈ ಕಾಯಿದೆಯ ಪ್ರಕಾರ ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟು, ಸೈಟು ಮಾರಿಸುವ ಏಜೆಂಟ್ ತಾನೂ ನೋಂದಾಯಿಸಿಕೊಂಡಿರಬೇಕು, ಮಾಡಿಸುವ ಪ್ರತಿ ಮಾರಾಟದಲ್ಲೂ ತನ್ನ ನಂಬರ್ ನಮೂದಿಸಬೇಕು, ಇಲ್ಲದ ಅನುಮೋದನೆ ಇದೆ ಎನ್ನಬಾರದು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿಯ ಬೆಲೆಯ ಶೇ. 5ರವರೆಗೆ ಅದು ಏರಬಹುದು. ನಂಬರ್ ಅಸಲಿಯೇ ಎಂದು ಕರ್ನಾಟಕ ರೇರಾ ವೆಬ್‌ಸೈಟ್ rera.karnataka.gov.in ನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಒಬ್ಬರು ಇನ್ನೊಬ್ಬರಿಗೆ ಮಾರುವ ಹಳೆಯ ಮನೆಗೆ ಈ ರಕ್ಷಣೆ ಬರುವುದಿಲ್ಲ. ಅಲ್ಲಿ ರೇರಾ ನಂಬರ್ ತೋರಿಸಿ ಭರವಸೆ ಕೊಡುವುದೂ ಒಂದು ಬಗೆಯ ಬೂಟಾಟಿಕೆಯೇ.

ಹೀಗೆಲ್ಲ ತಿದ್ದಿದ ಮೇಲೆ ಆ ಕಾರ್ಡು ಹೀಗಾಗುತ್ತದೆ: ‘ರಾಜರಾಜೇಶ್ವರಿ ನಗರದಲ್ಲಿ 12 ವರ್ಷದಿಂದ ಕೆಲಸ. ಮುಖ್ಯವಾಗಿ ಬಾಡಿಗೆ, ಭೋಗ್ಯ. ಮಾರಾಟ 52, ಅದರಲ್ಲಿ 31 ಬೇರೆ ಬ್ರೋಕರ್ ಜೊತೆ. ಬಹುಪಾಲು ಒಂದೂವರೆ ಕೋಟಿಯೊಳಗಿನ ಮನೆ, ಸೈಟು. ಇಸಿ, ಇ-ಖಾತಾ, ವಂಶವೃಕ್ಷ ನೋಡಿದ ಮೇಲೆಯೇ ಜಾಗ ತೋರಿಸುತ್ತೇನೆ. ಟೈಟಲ್ ಬಗ್ಗೆ ನಿಮ್ಮ ವಕೀಲರನ್ನೇ ಕೇಳಿ. ಕಮಿಷನ್ ಶೇ. 1, ಇನ್ನೊಂದು ಕಡೆಯಿಂದಲೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳುತ್ತೇನೆ.’ ಕೊನೆಯ ಮಾತನ್ನು ಅಚ್ಚು ಹಾಕಿಸುವವರು ಬಹಳ ಕಡಿಮೆ. ಎರಡೂ ಕಡೆ ಕಮಿಷನ್ ಪಡೆಯುವುದು ಬೆಂಗಳೂರಿನಲ್ಲಿ ಮಾಮೂಲು, ಹಾಗಾಗಿ ಅದನ್ನು ಮುಚ್ಚಿಡುವ ಕಾರಣವೂ ಇಲ್ಲ.