ಹಾಡು ಓಡುತ್ತೆ, ಸಾಲು ಯಾಕೆ ಬರಲ್ಲ?

ಇಂಗ್ಲಿಷ್ ಹಾಡು ಹಾಕಿದ್ರೆ ಸ್ಕ್ರೀನ್ ಮೇಲೆ ಸಾಲುಗಳು ತಾಳಕ್ಕೆ ಸರಿಯಾಗಿ ಮೇಲೇರುತ್ತವೆ. ಅದೇ ಆ್ಯಪ್‌ನಲ್ಲಿ ಕನ್ನಡ ಹಾಡು ಹಾಕಿದ್ರೆ ಎಷ್ಟೋ ಸಲ ಲಿರಿಕ್ಸ್ ಬಟನ್ನೇ ಇರಲ್ಲ. ಹಾಡು ಕೇಳಿಸಿಕೊಂಡು ಆ್ಯಪ್ಪೇ ಸಾಲು ಬರೆದುಕೊಳ್ಳುತ್ತೆ, ಕನ್ನಡ ಅದಕ್ಕೆ ಅರ್ಥವಾಗಲ್ಲ ಅಂತ ಹಲವರು ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ನಡೆಯೋದು ಅದಕ್ಕಿಂತ ತುಂಬಾ ಸರಳ.

ಹಿಂದೆ ಇರೋದು ಒಂದು ಟೆಕ್ಸ್ಟ್ ಫೈಲ್. ಅದರ ಹಳೆಯ, ಈಗಲೂ ಬಳಕೆಯಲ್ಲಿರುವ ರೂಪ ಎಲ್‌ಆರ್‌ಸಿ. ಉದಾಹರಣೆಗೆ ಎರಡು ಸಾಲು ನಾವೇ ಕಟ್ಟಿಕೊಳ್ಳೋಣ:

```
[00:14.20]ಬಸ್ಸಿನ ಕಿಟಕಿಗೆ ಅಂಟಿದ ಚಂದ್ರ
[00:18.65]ಊರು ಬಂದರೂ ಇಳಿಯದೆ ಕೂತ
[00:23.10]
```

ಚೌಕ ಆವರಣದಲ್ಲಿರೋದು ನಿಮಿಷ, ಸೆಕೆಂಡು, ಸೆಕೆಂಡಿನ ನೂರನೇ ಭಾಗ. ಹಾಡು ಈಗ ಎಷ್ಟನೇ ಸೆಕೆಂಡಿನಲ್ಲಿದೆ ಅಂತ ಪ್ಲೇಯರ್ ಆಗಾಗ ನೋಡುತ್ತಿರುತ್ತೆ. 17.20ರಲ್ಲಿದೆ ಅಂದ್ಕೊಳ್ಳಿ. ಆ ಸಮಯವನ್ನು ದಾಟದ ಗುರುತುಗಳಲ್ಲಿ ಕೊನೆಯದು 14.20, ಹಾಗಾಗಿ ಮೊದಲನೇ ಸಾಲು ಬೆಳಗುತ್ತೆ. 18.65 ಮುಟ್ಟಿದ ಕೂಡಲೇ ಎರಡನೆಯದು. ಕೊನೆಯ ಗುರುತಿನ ಮುಂದೆ ಏನೂ ಇಲ್ಲದಿರುವುದು ತಪ್ಪಲ್ಲ, ಮಧ್ಯದ ಸಂಗೀತ ಶುರುವಾದಾಗ ಸಾಲು ಅಳಿಸಲಿ ಅಂತ ಹಾಗಿಟ್ಟಿರೋದು. ನೀವು ಹಾಡನ್ನು ಮುಂದೆ ಎಳೆದರೂ ಮತ್ತೆ ಅದೇ ಹುಡುಕಾಟ. ಮೊದಲ ಸೆಮಿಸ್ಟರ್‌ನಲ್ಲಿ ಕಲಿತ ಬೈನರಿ ಸರ್ಚ್ ಸಾಕು.

ತಪ್ಪಾದಾಗ ಕಾರಣ ಹಿಡಿಯೋದೂ ಕಷ್ಟವಲ್ಲ. ಎಲ್ಲ ಸಾಲೂ ಒಂದೇ ಅಳತೆಯಲ್ಲಿ, ಸುಮಾರು ಒಂದೂವರೆ ಸೆಕೆಂಡು ತಡವಾಗಿ ಬರ್ತಿದ್ರೆ ಗುರುತು ಹಾಕಿದವರ ಫೈಲ್‌ನಲ್ಲಿ ಆರಂಭದ ಮೌನ ಕಡಿಮೆ ಇರಲಿಲ್ಲ, ಜಾಸ್ತಿ ಇತ್ತು ಅಂತ ಅರ್ಥ. ಅದಕ್ಕೆ `[offset:+1500]` ಅಂತ ಒಂದು ಸಾಲು ಸೇರಿಸಿದ್ರೆ ಆಯ್ತು, ಸಂಖ್ಯೆ ಮಿಲಿಸೆಕೆಂಡಿನಲ್ಲಿ. ಮೊದಲ ಚರಣದ ತನಕ ಸರಿಯಿದ್ದು ಆಮೇಲೆ ಒಮ್ಮೆಲೇ ತಪ್ಪಿದ್ರೆ, ನಿಮ್ಮ ಹತ್ತಿರ ಇರೋದು ಹಾಡಿನ ಬೇರೆ ಆವೃತ್ತಿ. ಮಧ್ಯದ ಸಂಗೀತವನ್ನು ಕತ್ತರಿಸಿದ್ದಾರೆ ಅಥವಾ ಬೆಳೆಸಿದ್ದಾರೆ. ಅದಕ್ಕೆ ಆಫ್‌ಸೆಟ್ ಮದ್ದಲ್ಲ.

ಹಾಗಾದ್ರೆ ಏನೂ ಬರದೇ ಇರೋದು ಯಾಕೆ? ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ.

ಮೊದಲನೆಯದು, ಸಾಲು ಎಲ್ಲೋ ಇದ್ದರೂ ಸಿಗದಿರೋದು. LRCLIB ಅನ್ನೋ ಮುಕ್ತ ಸಂಗ್ರಹವನ್ನೇ ತಗೊಳ್ಳಿ. ಪ್ಲೇಯರ್ ಅಲ್ಲಿಗೆ ಹಾಡಿನ ಹೆಸರು, ಕಲಾವಿದ, ಆಲ್ಬಂ, ಅವಧಿ ಕಳಿಸುತ್ತೆ. ಅವಧಿ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಾದ್ರೆ ಹೊಂದಾಣಿಕೆ ಆಗಲ್ಲ. ಬೇರೆ ಆವೃತ್ತಿಗೆ ತಪ್ಪು ಗುರುತು ಅಂಟಬಾರದು ಅನ್ನೋದಕ್ಕೆ ಈ ಕಟ್ಟುನಿಟ್ಟು. ಈಗ 2006ರ 'ಮುಂಗಾರು ಮಳೆ'ಯ 'ಅನಿಸುತಿದೆ' ಹಾಡನ್ನು ಹುಡುಕಬೇಕು ಅಂದ್ಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ `Anisutide` ಕೂಡ ಸರಿ, `Anisuthide` ಕೂಡ ಸರಿ. ನಮ್ಮ ತ, ದ ಇವನ್ನು ಹೇಗೆ ಬರೀಬೇಕು ಅಂತ ಜನಬಳಕೆಯಲ್ಲಿ ಒಂದೇ ನಿಯಮವಿಲ್ಲ. ಇನ್ನು ಕಲಾವಿದ ಯಾರು? ಹಾಡಿದವರು ಸೋನು ನಿಗಮ್, ಸಂಗೀತ ಮನೋಮೂರ್ತಿ, ಸಾಹಿತ್ಯ ಜಯಂತ ಕಾಯ್ಕಿಣಿ. ಇಂಗ್ಲಿಷ್ ಪಾಪ್‌ನಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ಹಾಡಿದವರ ಹೆಸರೊಂದೇ ಬರುತ್ತೆ. ನಮ್ಮ ಸಿನಿಮಾ ಹಾಡಿಗೆ ಒಬ್ಬರು ಗಾಯಕರ ಹೆಸರು ಹಾಕ್ತಾರೆ, ಇನ್ನೊಬ್ಬರು ಸಂಗೀತ ನಿರ್ದೇಶಕರ ಹೆಸರು, ಮತ್ತೊಬ್ಬರು ಎರಡನ್ನೂ. ಎರಡು ಕಾಗುಣಿತಕ್ಕೆ ಮೂರು ಬಗೆಯ ಕಲಾವಿದರು ಅಂದ್ರೆ ಆಗಲೇ ಆರು ಜೋಡಿ. ಸಾಲು ಒಂದು ಜೋಡಿಯ ಕೆಳಗಿದ್ದು ಪ್ಲೇಯರ್ ಇನ್ನೊಂದನ್ನು ಕಳಿಸಿದ್ರೆ ಉತ್ತರ 'ಇಲ್ಲ' ಅಂತಲೇ ಬರಬಹುದು.

ಎರಡನೆಯದು, ಸಾಲೇ ಇಲ್ಲದಿರೋದು. ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯದ ಹಕ್ಕು ಬೇರೆ. ಹಾಡು ನುಡಿಸೋಕೆ ಅನುಮತಿ ಪಡೆದ ಮಾತ್ರಕ್ಕೆ ಅದರ ಸಾಹಿತ್ಯವನ್ನು ತೋರಿಸೋಕೆ ಅನುಮತಿ ಸಿಕ್ಕಂತಲ್ಲ. ಅದಕ್ಕೇ ದೊಡ್ಡ ಆ್ಯಪ್‌ಗಳು ಮ್ಯೂಸಿಕ್ಸ್‌ಮ್ಯಾಚ್‌ನಂಥ ಕಂಪನಿಗಳಿಂದ ಸಾಹಿತ್ಯ ತಗೊಳ್ತವೆ. ಅಲ್ಲಿಗೂ ಯಾರೋ ಟೈಪ್ ಮಾಡಿ, ಕೇಳುತ್ತಾ ಪ್ರತಿ ಸಾಲಿಗೂ ಗುರುತು ಹಾಕಬೇಕು: ಒಂದೋ ಆಡಿಯೋ ಕಂಪನಿ, ಇಲ್ಲವೇ ಸ್ವಯಂಸೇವಕರು. ವೆಬ್‌ನಲ್ಲಿ ಕನ್ನಡ ಹಾಡುಗಳ ಸಾಹಿತ್ಯ ಸಾಕಷ್ಟಿದೆ, ಆದರೆ ಸಮಯದ ಗುರುತಿಲ್ಲದೆ, ಬಹಳಷ್ಟು ಇಂಗ್ಲಿಷ್ ಅಕ್ಷರದಲ್ಲಿ. ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದ್ರೆ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತೆ, ಮೊದಲು ಪರಿವರ್ತಿಸಬೇಕು.

ಇದರಲ್ಲಿ ಯಾವುದು ನಿಮ್ಮ ಸಮಸ್ಯೆ ಅಂತ ತಿಳಿಯೋಕೆ LRCLIB ಪುಟದಲ್ಲಿ ಸಿನಿಮಾ ಹೆಸರಿನಿಂದ ಹುಡುಕಿ. ಹಾಡು ಸಿಕ್ಕಿ, ಪ್ಲೇಯರ್‌ನಲ್ಲಿ ಮಾತ್ರ ಬರ್ತಿಲ್ಲ ಅಂದ್ರೆ ನಿಮ್ಮ ಫೈಲ್‌ನ ಹೆಸರು, ಕಲಾವಿದ, ಅವಧಿಯನ್ನು ಅಲ್ಲಿನದಕ್ಕೆ ಹೋಲಿಸಿ. ಸಿಗಲೇ ಇಲ್ಲ ಅಂದ್ರೆ ನೀವೇ ಗುರುತು ಹಾಕಿಕೊಳ್ಳಬಹುದು. ಎಲ್‌ಆರ್‌ಸಿ ಫೈಲನ್ನು UTF-8ನಲ್ಲಿ ಉಳಿಸಿ, ಹಾಡಿನ ಫೈಲ್‌ಗೆ ಇರುವ ಹೆಸರನ್ನೇ ಕೊಟ್ಟು ಅದೇ ಫೋಲ್ಡರ್‌ನಲ್ಲಿಡಿ. ಎಲ್‌ಆರ್‌ಸಿ ಓದುವ ಪ್ಲೇಯರ್‌ಗಳು ಸಾಮಾನ್ಯವಾಗಿ ಮೊದಲು ನೋಡೋದು ಅಲ್ಲೇ.