ಹುಳು ಮುಪ್ಪಾಗಿ ಸಾಯುವವರೆಗೆ ಗುಳಿಗೆ

ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಆಂಕೊಸರ್ಕಿಯಾಸಿಸ್ ರೋಗ ಹರಡುವುದು ನಿಂತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ದೃಢಪಡಿಸಿತು. ಹೊಳೆಯ ದಂಡೆಯ ಊರುಗಳಲ್ಲಿ ಜನರ ಕಣ್ಣು ಕಳೆಯುತ್ತಿದ್ದ ಕಾರಣ ಇದಕ್ಕೆ ನದಿ ಕುರುಡು ಎಂಬ ಹೆಸರೂ ಇದೆ. ಅದಕ್ಕೆ ಮೊದಲು ಕೊಲಂಬಿಯಾ, ಎಕ್ವಡಾರ್, ಮೆಕ್ಸಿಕೊ, ಗ್ವಾಟೆಮಾಲಾ ಈ ಹಂತ ಮುಟ್ಟಿದ್ದವು. ಆಫ್ರಿಕಾದಲ್ಲಿ ನೈಜರೇ ಮೊದಲನೆಯದು. ಅಲ್ಲಿ ಈ ರೋಗದ ವಿರುದ್ಧ ಕೆಲಸ ಶುರುವಾದದ್ದು 1976ರಲ್ಲಿ. ರೋಗಕ್ಕೆ ಒಳ್ಳೆಯ ಔಷಧ ಸಿಕ್ಕಿದ್ದು 1987ರಲ್ಲಿ. ಒಂದು ಸಲ ನುಂಗಿದರೆ ಒಂದೆರಡು ತಿಂಗಳಲ್ಲಿ ಚರ್ಮದೊಳಗಿನ ಮರಿಹುಳುಗಳನ್ನು ಬಹುಪಾಲು ಇಲ್ಲವಾಗಿಸುವ ಗುಳಿಗೆ ಕೈಯಲ್ಲಿದ್ದೂ ಇಷ್ಟು ವರ್ಷ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಹುಳುವಿನ ಆಯಸ್ಸಿನಲ್ಲಿದೆ.

ರೋಗ ಹರಡುವುದು ಸಿಮ್ಯುಲಿಯಂ ಎಂಬ ಕುಲದ ಕರಿನೊಣ. ಮನೆನೊಣಕ್ಕಿಂತ ಬಹಳ ಚಿಕ್ಕದು, ಬೆನ್ನು ಗೂನು. ನಿಂತ ನೀರು ಇದಕ್ಕಾಗದು. ಕಲ್ಲಿಗೆ ಬಡಿದು ನೊರೆಯೇಳುವ, ಗಾಳಿ ಚೆನ್ನಾಗಿ ಬೆರೆತ ರಭಸದ ನೀರಿನಲ್ಲಿ ಅದರ ಮರಿಗಳು ಬಂಡೆಗೋ ನೀರಿಗೆ ಬಾಗಿದ ಎಲೆಗೋ ಅಂಟಿಕೊಂಡು ಬೆಳೆಯುತ್ತವೆ. ಕಚ್ಚುವುದು ಹೆಣ್ಣುನೊಣ, ಅದೂ ಹಗಲು ಹೊತ್ತು. ಹಾಗಾಗಿ ಸೊಳ್ಳೆಪರದೆಯಿಂದ ಇಲ್ಲಿ ಪ್ರಯೋಜನವಿಲ್ಲ. ನೀರಿಗೆ ಬಂದವರನ್ನು, ಹೊಲದಲ್ಲಿ ಬಗ್ಗಿ ದುಡಿಯುವವರನ್ನು, ಮೀನು ಹಿಡಿಯುವವರನ್ನು ಅದು ಕಚ್ಚುತ್ತದೆ. ಕರಿನೊಣಗಳು ಭಾರತದಲ್ಲೂ ಇವೆ, ಆದರೆ ಈ ರೋಗ ನಮ್ಮಲ್ಲಿ ನೆಲೆಸಿಲ್ಲ. ಸೋಂಕು ತಗುಲಿದವರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿ ಆಫ್ರಿಕಾ ಮತ್ತು ಯೆಮೆನ್‌ನವರು.

ನೊಣ ಕಚ್ಚಿದಾಗ ಒಳಹೊಕ್ಕ ಎಳೆಹುಳು ಬೆಳೆದು ದೊಡ್ಡದಾಗಲು ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಆಮೇಲೆ ಹೆಣ್ಣುಹುಳುಗಳು ಚರ್ಮದ ಕೆಳಗೆ ಸುರುಳಿ ಸುತ್ತಿಕೊಂಡು ಗಂಟಾಗುತ್ತವೆ. ಸೊಂಟದ ಮೂಳೆಯ ಮೇಲೆ, ಪಕ್ಕೆಲುಬಿನ ಮೇಲೆ, ಕೆಲವೊಮ್ಮೆ ತಲೆಯ ಮೇಲೆ ಆ ಗಂಟು ಕೈಗೆ ಸಿಗುತ್ತದೆ, ನೋವಿರುವುದಿಲ್ಲ. ಬಿಡಿಸಿ ಅಳೆದರೆ ಒಳಗಿನ ಹೆಣ್ಣುಹುಳು 30 ಸೆಂಟಿಮೀಟರಿಗಿಂತ ಉದ್ದ. ಅದು ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ, ಬದುಕಿನ ಬಹುಕಾಲ ದಿನಕ್ಕೆ ಸುಮಾರು ಸಾವಿರದಂತೆ ಮರಿ ಹಾಕುತ್ತದೆ. ಬರಿಗಣ್ಣಿಗೆ ಕಾಣದ ಈ ಮರಿಹುಳುಗಳು ಚರ್ಮದುದ್ದಕ್ಕೂ ಹರಿದಾಡುತ್ತವೆ, ಕಣ್ಣಿಗೂ ಹೋಗುತ್ತವೆ. ಮತ್ತೊಂದು ನೊಣ ಬಂದು ಕಚ್ಚಿ ರಕ್ತದೊಡನೆ ಇವನ್ನು ಹೀರಿಕೊಂಡರೆ ಮಾತ್ರ ಮುಂದಿನ ಪೀಳಿಗೆ ಉಳಿಯುತ್ತದೆ. ಇಲ್ಲವಾದರೆ ಆರು ತಿಂಗಳಿಂದ ಎರಡು ವರ್ಷದೊಳಗೆ ಅವು ಇದ್ದಲ್ಲೇ ಸಾಯುತ್ತವೆ.

ಮನುಷ್ಯನಿಗೆ ಕೇಡು ಬರುವುದು ಈ ಸಾವಿನಿಂದ. ಹುಳು ಬದುಕಿರುವಾಗ ದೇಹ ಅದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸತ್ತಾಗ ಅದರ ಮೈಯಿಂದ ಹೊರಬೀಳುವ ಪದಾರ್ಥಗಳ ಮೇಲೆ, ಅದರೊಳಗೇ ವಾಸಿಸುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಮೇಲೆ ದೇಹ ಎರಗುತ್ತದೆ. ಆ ಜಾಗ ಊದಿಕೊಂಡು ಉರಿಯುತ್ತದೆ. ಚರ್ಮದಲ್ಲಿ ಇದು ನವೆಯಾಗಿ ಕಾಣಿಸುತ್ತದೆ. ಅದು ಸಾಧಾರಣ ತುರಿಕೆಯಲ್ಲ. ರಾತ್ರಿಯಿಡೀ ನಿದ್ದೆಗೊಡದೆ, ಕಲ್ಲಿಗೆ ಮೈ ಉಜ್ಜಿ ಗಾಯ ಮಾಡಿಕೊಳ್ಳುವಷ್ಟು ಉಗ್ರವಾದದ್ದು. ವರ್ಷಗಟ್ಟಲೆ ಹೀಗೇ ಮುಂದುವರಿದರೆ ಚರ್ಮ ದಪ್ಪವಾಗಿ ಸುಕ್ಕುಗಟ್ಟುತ್ತದೆ, ಮೊಣಕಾಲಿನ ಕೆಳಗೆ ಬಣ್ಣ ಹೋಗಿ ಬಿಳಿ ಮಚ್ಚೆಗಳು ಉಳಿಯುತ್ತವೆ. ಕುರುಡಿನ ಸುದ್ದಿಯ ನಡುವೆ ಚರ್ಮದ ಈ ಸಂಕಟಕ್ಕೆ ಸಿಗಬೇಕಾದಷ್ಟು ಗಮನ ಬಹಳ ಕಾಲ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ರೋಗಿಗಳ ಎಣಿಕೆಯಲ್ಲಿ ಕಣ್ಣು ಕೆಟ್ಟವರಿಗಿಂತ ಚರ್ಮ ಕೆಟ್ಟವರೇ ಬಹುಪಾಲು ಹೆಚ್ಚು.

ಕಣ್ಣಿನಲ್ಲೂ ಆಗುವುದು ಇದೇ. ಮರಿಹುಳು ಒಂದೊಂದಾಗಿ ಸತ್ತಲ್ಲೆಲ್ಲ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲಿ, ಅಂದರೆ ಕಾರ್ನಿಯಾದಲ್ಲಿ, ಸಣ್ಣ ಮಸುಕು ಚುಕ್ಕೆ ಮೂಡುತ್ತದೆ. ಮೊದಮೊದಲು ಚುಕ್ಕೆಗಳು ಮಾಯುತ್ತವೆ. ಹತ್ತಾರು ವರ್ಷ ಇದೇ ನಡೆದರೆ ಅಂಚಿನಿಂದ ಬಿಳಿ ಗಾಯದ ಕಲೆ ಒಳಕ್ಕೆ ಹಬ್ಬಿ ಪಾಪೆಯನ್ನು ಮುಚ್ಚುತ್ತದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲ, ನರ ಕೆಟ್ಟರೂ ದೃಷ್ಟಿ ಹೋಗುತ್ತದೆ. ಹೀಗೆ ಹೋದ ಕಣ್ಣನ್ನು ಗುಳಿಗೆ ಮರಳಿ ತರಲಾರದು.

ಸತ್ತ ಹುಳುವೇ ಹಾನಿ ಮಾಡುವುದರಿಂದ ಹಳೆಯ ಚಿಕಿತ್ಸೆಯೂ ಅಪಾಯಕಾರಿಯಾಗಿತ್ತು. ಆನೆಕಾಲು ರೋಗಕ್ಕೆ ಆರೋಗ್ಯ ಕಾರ್ಯಕರ್ತರು ಮನೆಬಾಗಿಲಿಗೆ ತಂದು ಕೊಡುವ ಡಿಇಸಿ ಗುಳಿಗೆ ಯಾದಗಿರಿ, ಕಲಬುರಗಿ ಕಡೆಯವರಿಗೆ ಗೊತ್ತು. ನದಿ ಕುರುಡಿನ ರೋಗಿಗೆ ಅದೇ ಗುಳಿಗೆ ಕೊಟ್ಟರೆ ಮರಿಹುಳುಗಳೆಲ್ಲ ಒಮ್ಮೆಲೇ ಸತ್ತು ಮೈ ಉರಿದು, ಇದ್ದ ಕಣ್ಣೂ ಕೆಡಬಹುದು. ಆದ್ದರಿಂದ ಈ ರೋಗವಿರುವ ಕಡೆ ಡಿಇಸಿ ಹಂಚುವುದಿಲ್ಲ.

ಸುರಕ್ಷಿತ ಔಷಧವಿಲ್ಲದ ಕಾಲದಲ್ಲಿ ಉಳಿದಿದ್ದ ದಾರಿ ನೊಣವನ್ನು ಕೊಲ್ಲುವುದೊಂದೇ. 1974ರಲ್ಲಿ ಪಶ್ಚಿಮ ಆಫ್ರಿಕಾದ ಏಳು ದೇಶಗಳಲ್ಲಿ ದೊಡ್ಡ ಯೋಜನೆಯೊಂದು ಆರಂಭವಾಗಿ ಮುಂದೆ ಹನ್ನೊಂದು ದೇಶಗಳಿಗೆ ಹಬ್ಬಿತು. ಹೆಲಿಕಾಪ್ಟರುಗಳು ವಾರಕ್ಕೊಮ್ಮೆ ನದಿಗಳ ಮೇಲೆ ಹಾರಿ ನೀರಿಗೆ ಕೀಟನಾಶಕ ಬಿಡುತ್ತಿದ್ದವು. ಬೆಚ್ಚನೆಯ ನೀರಿನಲ್ಲಿ ನೊಣದ ಮರಿ ವಾರದೊಳಗೆ ಬೆಳೆದುಬಿಡುವುದರಿಂದ ಒಂದು ವಾರ ತಪ್ಪಿದರೂ ಹೊಸ ನೊಣಗಳು ಏಳುತ್ತಿದ್ದವು. ಗಾಳಿಯ ಜೊತೆ ನೂರಾರು ಕಿಲೋಮೀಟರ್ ದೂರದಿಂದಲೂ ನೊಣ ಬರುತ್ತಿತ್ತು. ನೊಣಗಳಲ್ಲಿ ಟೆಮೆಫಾಸ್ ಎಂಬ ಕೀಟನಾಶಕಕ್ಕೆ ಪ್ರತಿರೋಧ ಬೆಳೆದಾಗ ಬೇರೆ ಬೇರೆ ಔಷಧಗಳನ್ನು ಸರದಿಯಲ್ಲಿ ಬಳಸಬೇಕಾಯಿತು. ನೈಜರಿನಲ್ಲಿ 1989ರವರೆಗೂ ಈ ಸಿಂಪಡಣೆ ನಡೆಯಿತು.

ಅಷ್ಟರಲ್ಲಿ ಐವರ್ಮೆಕ್ಟಿನ್ ಬಂದಿತ್ತು. ಜಪಾನಿನ ಸತೋಶಿ ಒಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಾಣುವೊಂದರಿಂದ ಮರ್ಕ್ ಕಂಪನಿಯ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಜೊತೆಗಾರರು ಇದನ್ನು ಮೊದಲು ಜಾನುವಾರುಗಳಿಗೆಂದು ರೂಪಿಸಿದರು. ಅದೇ ಕಂಪನಿಯ ವೈದ್ಯ ಮೊಹಮ್ಮದ್ ಅಜೀಜ್ 1981ರಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದರು. ಮರಿಹುಳುಗಳು ಕಡಿಮೆಯಾದವು, ಕಣ್ಣಿಗೆ ಏಟು ಬೀಳಲಿಲ್ಲ. ಬೇಕಾದಷ್ಟು ಕಾಲ ಔಷಧವನ್ನು ಉಚಿತವಾಗಿ ಕೊಡುವುದಾಗಿ 1987ರಲ್ಲಿ ಮರ್ಕ್ ಪ್ರಕಟಿಸಿತು.

ಈ ಔಷಧಕ್ಕೆ ಒಂದು ಮಿತಿಯಿದೆ. ಅದು ಚರ್ಮದಲ್ಲಿನ ಮರಿಗಳನ್ನು ತೆಗೆಯುತ್ತದೆ, ಗಂಟಿನೊಳಗಿನ ತಾಯಿಯನ್ನು ಕೊಲ್ಲುವುದಿಲ್ಲ. ಕೆಲವು ತಿಂಗಳು ತಾಯಿಗೆ ಮರಿ ಹೊರಹಾಕಲು ಆಗದಂತೆ ತಡೆಯುತ್ತದೆ ಅಷ್ಟೆ. ಆಮೇಲೆ ಮತ್ತೆ ಶುರು. ವರ್ಷ ತುಂಬುವ ಹೊತ್ತಿಗೆ ಚರ್ಮದಲ್ಲಿ ಮರಿಗಳು ಪುನಃ ಸಾಕಷ್ಟು ಸೇರಿರುತ್ತವೆ. ಆದ್ದರಿಂದ ಗುಳಿಗೆಯ ಕೆಲಸ ರೋಗಿಯನ್ನು ಗುಣಪಡಿಸುವುದಕ್ಕಿಂತ, ನೊಣ ಕಚ್ಚಿದಾಗ ಅದಕ್ಕೆ ಮರಿಹುಳು ಸಿಗದಂತೆ ನೋಡಿಕೊಳ್ಳುವುದು. ಇದನ್ನು ತಾಯಿಹುಳು ಮುಪ್ಪಾಗಿ ಸಾಯುವವರೆಗೆ, ಅಂದರೆ ಹತ್ತು ಹದಿನೈದು ವರ್ಷ, ಬಿಡದೆ ಮಾಡಬೇಕು. ಇಲ್ಲಿ ಹುಳುವಿನ ಒಂದು ದೌರ್ಬಲ್ಯ ನಮ್ಮ ನೆರವಿಗೆ ಬರುತ್ತದೆ. ನೊಣದ ಹೊಟ್ಟೆಗೆ ಹೋದ ಮರಿಹುಳು ಅಲ್ಲಿ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಒಂದು ಹೋದರೆ, ಅದು ಬದುಕುಳಿದರೆ, ವಾರದ ಮೇಲೆ ಒಂದೇ ಎಳೆಹುಳು ಹೊರಬರುತ್ತದೆ. ಮಲೇರಿಯಾದ ರೋಗಾಣುವಿನಂತೆ ಒಂದು ಸಾವಿರವಾಗುವುದಿಲ್ಲ. ಅದಕ್ಕೇ ಮರಿಗಳು ವಿರಳವಾದಷ್ಟೂ ಸರಪಳಿ ತುಂಡಾಗುವ ಸಾಧ್ಯತೆ ಹೆಚ್ಚು.

ಹಂಚುವ ಕೆಲಸ ಮಾಡುವವರು ಊರವರೇ ಆರಿಸಿದ ಸ್ವಯಂಸೇವಕರು. ಪ್ರಮಾಣ ದೇಹತೂಕದ ಕಿಲೋಗೆ 150 ಮೈಕ್ರೊಗ್ರಾಂ, ಆದರೆ ಹಳ್ಳಿಹಳ್ಳಿಗೆ ತಕ್ಕಡಿ ಹೊರುವುದು ಕಷ್ಟ. ಬದಲಿಗೆ ಗುರುತು ಹಾಕಿದ ಒಂದು ಕೋಲು ಇರುತ್ತದೆ. ಅದರ ಪಕ್ಕ ನಿಂತವರ ಎತ್ತರ ನೋಡಿ ಒಂದರಿಂದ ನಾಲ್ಕು ಗುಳಿಗೆ ಕೊಡುತ್ತಾರೆ. 90 ಸೆಂಟಿಮೀಟರ್ ಮುಟ್ಟದ ಮಕ್ಕಳಿಗೆ, ಗರ್ಭಿಣಿಯರಿಗೆ, ಹೆರಿಗೆಯಾಗಿ ವಾರ ತುಂಬದ ಬಾಣಂತಿಯರಿಗೆ, ತೀವ್ರ ಕಾಯಿಲೆಯಲ್ಲಿರುವವರಿಗೆ ಕೊಡುವುದಿಲ್ಲ. ನೂರು ಜನರ ಊರಿನಲ್ಲಿ ಹೀಗೆ ಸುಮಾರು 16 ಮಂದಿ ಹೊರಗುಳಿಯುತ್ತಾರೆ ಎಂದಿಟ್ಟುಕೊಳ್ಳಿ. ಹರಡುವಿಕೆ ನಿಲ್ಲಬೇಕಾದರೆ ಒಟ್ಟು ಜನರಲ್ಲಿ ನೂರಕ್ಕೆ 80 ಮಂದಿಯಾದರೂ ನುಂಗಬೇಕು ಎಂಬುದು ಗುರಿ. ಅಂದರೆ ಉಳಿದ 84 ಜನರಲ್ಲಿ ತಪ್ಪಿಸಿಕೊಳ್ಳಲು ನಾಲ್ಕೇ ಜನರಿಗೆ ಅವಕಾಶ.

ಆ ನಾಲ್ವರು ಯಾರೆಂಬುದೂ ಮುಖ್ಯ. ಈ ವರ್ಷ ಒಬ್ಬ, ಬರುವ ವರ್ಷ ಇನ್ನೊಬ್ಬ ತಪ್ಪಿಸಿಕೊಂಡರೆ ಅಷ್ಟು ಅಪಾಯವಿಲ್ಲ. ಪ್ರತಿವರ್ಷವೂ ಅದೇ ಮನುಷ್ಯ ತಪ್ಪಿಸಿಕೊಂಡರೆ ಅವನ ಚರ್ಮ ಮಾತ್ರ ಎಂದೂ ಬರಿದಾಗುವುದಿಲ್ಲ, ಹೊಳೆಯ ನೊಣಗಳಿಗೆ ಅವನೊಬ್ಬನೇ ಸಾಕು. ದನ ಹೊಡೆದುಕೊಂಡು ಊರೂರು ಅಲೆಯುವವರು, ಗಡಿಯಾಚೆ ಕೂಲಿಗೆ ಹೋಗುವವರು ಹಂಚುವ ದಿನ ಊರಿನಲ್ಲಿರುವುದಿಲ್ಲ. ಮೊದಲ ಸಲ ನುಂಗಿದಾಗ ಮರಿಹುಳುಗಳು ಸತ್ತು ಮೈ ನವೆಯೆದ್ದು ಮುಖ ಊದಿದ ಅನುಭವವಾದವರು ಮತ್ತೆ ಕೈ ಚಾಚುವುದಿಲ್ಲ.

ಗುಳಿಗೆಯೊಂದರಿಂದಲೇ ಈ ಸರಪಳಿ ಕಡಿಯಬಹುದೇ ಎಂಬ ಬಗ್ಗೆ ಆಫ್ರಿಕಾದ ಮಟ್ಟಿಗೆ ತಜ್ಞರಲ್ಲೇ ಅನುಮಾನವಿತ್ತು. ಸೆನೆಗಲ್ ಮತ್ತು ಮಾಲಿಯ ಗ್ಯಾಂಬಿಯಾ, ಫಲೆಮೆ, ಬಕೋಯೆ ನದಿದಂಡೆಗಳಲ್ಲಿ 15ರಿಂದ 17 ವರ್ಷ ಗುಳಿಗೆ ಹಂಚಿದ ಮೇಲೆ ಆಯ್ದ ಹಳ್ಳಿಗಳಲ್ಲಿ ನಿಲ್ಲಿಸಿ ನೋಡಿದರು. ರೋಗ ಮರಳಲಿಲ್ಲ. 2009ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಹತೋಟಿಯ ಮಾತು ಹೋಗಿ ನಿರ್ಮೂಲನೆಯ ಮಾತು ಬಂತು. ನೈಜರಿನಲ್ಲಿ 2008ರಿಂದ 2019ರವರೆಗೆ ಆನೆಕಾಲು ರೋಗಕ್ಕೆಂದು ಹಂಚಿದ ಐವರ್ಮೆಕ್ಟಿನ್ ಈ ರೋಗದ ಮೇಲೂ ಕೆಲಸ ಮಾಡಿತು. ಅಲ್ಲಿ ಸೋಂಕಿತರು ನೂರಕ್ಕೆ ಸುಮಾರು 60ರಷ್ಟಿದ್ದದ್ದು 0.02ಕ್ಕೆ ಇಳಿಯಿತು.

ಹಂಚಿಕೆ ನಿಲ್ಲಿಸುವ ದಿನ ಬಂತೆಂದು ತಿಳಿಯುವುದು ಮಕ್ಕಳಿಂದ ಮತ್ತು ನೊಣಗಳಿಂದ. ಹತ್ತು ವರ್ಷದೊಳಗಿನ ಮಕ್ಕಳ ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹುಳುವಿನ ವಿರುದ್ಧದ ಪ್ರತಿಕಾಯ ಹುಡುಕುತ್ತಾರೆ. ಆ ಮಗು ಹುಟ್ಟಿದ ಮೇಲೆ ಹರಡುವಿಕೆ ನಡೆದಿದೆಯೇ ಎಂಬುದನ್ನು ಅದು ಹೇಳುತ್ತದೆ. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಲ್ಲಿ ಮಾತ್ರ ಅದು ಕಾಣಬೇಕು. ಹೊಳೆಯ ದಂಡೆಯಲ್ಲಿ ಸಾವಿರಾರು ನೊಣಗಳನ್ನು ಹಿಡಿದು ಅವುಗಳ ತಲೆಯಲ್ಲಿ ಹುಳುವಿನ ಡಿಎನ್‌ಎ ಇದೆಯೇ ಎಂದೂ ನೋಡುತ್ತಾರೆ. ಎರಡು ಸಾವಿರ ನೊಣಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಹಂಚಿಕೆ ನಿಲ್ಲಿಸಿ, ಮುಂದೆ ಮೂರರಿಂದ ಐದು ವರ್ಷ ಕಾವಲು ಕಾಯುತ್ತಾರೆ.

ಈ ಹಾದಿ ಎಲ್ಲ ಕಡೆ ನಡೆಯುವುದಿಲ್ಲ. ಕ್ಯಾಮರೂನ್, ಕಾಂಗೋದಂಥ ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಲೋವಾ ಲೋವಾ ಎಂಬ ಇನ್ನೊಂದು ಹುಳುವಿದೆ. ಅದರ ಮರಿಗಳು ಇರುವುದು ರಕ್ತದಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಅವು 30,000ಕ್ಕಿಂತ ಹೆಚ್ಚಿದ್ದವರಿಗೆ ಐವರ್ಮೆಕ್ಟಿನ್ ಕೊಟ್ಟರೆ ಮಿದುಳಿಗೆ ಪೆಟ್ಟಾಗಿ ಪ್ರಜ್ಞೆ ತಪ್ಪಬಹುದು, ಸಾವೂ ಬರಬಹುದು. ಹಾಗಾಗಿ ಕ್ಯಾಮರೂನಿನ ಕೆಲವೆಡೆ ಮೊಬೈಲ್ ಫೋನಿಗೆ ಜೋಡಿಸಿದ ಸಣ್ಣ ಸೂಕ್ಷ್ಮದರ್ಶಕ ಹಿಡಿದು ಹೋಗಿ, ಪ್ರತಿಯೊಬ್ಬರ ರಕ್ತದ ಹನಿಯಲ್ಲಿ ಮರಿಗಳ ಚಲನೆಯನ್ನು ಎಣಿಸಿ, ಹೆಚ್ಚಿದ್ದವರನ್ನು ಬಿಟ್ಟು ಉಳಿದವರಿಗೆ ಗುಳಿಗೆ ಕೊಟ್ಟರು. ಹಾಗೆ ಬಿಟ್ಟುಹೋದವರಿಗೆ ಡಾಕ್ಸಿಸೈಕ್ಲಿನ್ ಕೊಡಬಹುದು. ಅದು ವೋಲ್ಬಾಕಿಯಾವನ್ನು ಕೊಂದು ತಾಯಿಹುಳುವನ್ನು ಬಂಜೆಯಾಗಿಸುತ್ತದೆ. ಆದರೆ ನಾಲ್ಕರಿಂದ ಆರು ವಾರ ದಿನವೂ ತಪ್ಪದೆ ನುಂಗಬೇಕು, ಕಾಡಿನೊಳಗಿನ ಊರಿನಲ್ಲಿ ಅದನ್ನು ದಿನದಿನವೂ ತಲುಪಿಸಿ ನುಂಗಿಸುವ ಏರ್ಪಾಡು ಬೇಕು.