ಸರಾಸರಿ 100, ಎಸ್‌ಡಿ 8 ಇದ್ದರೆ 25 ಜನರ ಶುಗರ್ 126 ದಾಟಲು ಸಾಧ್ಯವೇ?

"ಶಿಬಿರದಲ್ಲಿ 100 ಜನರ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ. ಸರಾಸರಿ 100, ಎಸ್‌ಡಿ 8. ಆಘಾತಕಾರಿ ಸಂಗತಿ: 25 ಜನರಿಗೆ 126ಕ್ಕಿಂತ ಹೆಚ್ಚು! ನಿಮಗೂ ಇರಬಹುದು, ಇಂದೇ ಈ ಪುಡಿ ತರಿಸಿಕೊಳ್ಳಿ."

ಈ ಸಂದೇಶ ಉದಾಹರಣೆಗೆಂದು ನಾವೇ ಬರೆದದ್ದು. ಆದರೆ ಇದೇ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಶಿಬಿರ ಎಲ್ಲಿ ನಡೆಯಿತು, ಯಾರು ನಡೆಸಿದರು ಎಂದು ಹುಡುಕುತ್ತಾ ಹೋದರೆ ದಿನವೇ ಕಳೆದುಹೋಗುತ್ತದೆ. ಅಷ್ಟರಲ್ಲಿ ಯಾರೋ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಪುಡಿ ತರಿಸಿಕೊಂಡಿರುತ್ತಾರೆ. ಆದರೆ ಇಲ್ಲಿ ಅಷ್ಟು ಹುಡುಕುವ ಅಗತ್ಯವೇ ಇಲ್ಲ. ಸಂದೇಶದಲ್ಲಿರುವ ಮೂರು ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ನೋಡಿಬಿಡಬಹುದು.

ಮೊದಲು ಸರಾಸರಿಯೊಂದನ್ನೇ ಹಿಡಿದು ನೋಡೋಣ. 100 ಜನರ ಸರಾಸರಿ 100 ಎಂದರೆ ಎಲ್ಲರ ಶುಗರ್ ಕೂಡಿಸಿದರೆ 10,000. ಯಾರ ಶುಗರೂ ಸೊನ್ನೆಗಿಂತ ಕಡಿಮೆ ಇರಲಾರದು. 126 ಮುಟ್ಟಿದ ಪ್ರತಿಯೊಬ್ಬರೂ ಈ ಮೊತ್ತದಿಂದ ಕನಿಷ್ಠ 126 ತೆಗೆದುಕೊಳ್ಳುತ್ತಾರೆ. 10,000ವನ್ನು 126ರಿಂದ ಭಾಗಿಸಿದರೆ 79.4 ಬರುತ್ತದೆ. ಅಂದರೆ 79ಕ್ಕಿಂತ ಹೆಚ್ಚು ಜನ ಆ ಮಟ್ಟ ಮುಟ್ಟಲು ಸಾಧ್ಯವಿಲ್ಲ. ಇದಕ್ಕೆ ಮಾರ್ಕೋವ್ ಅಸಮತೆ ಎಂದು ಹೆಸರು. ಲೆಕ್ಕ ಸರಿ, ಆದರೆ ನಮ್ಮ ಕೆಲಸಕ್ಕೆ ಬರಲಿಲ್ಲ. ಸಂದೇಶ ಹೇಳುತ್ತಿರುವುದು 25, ಅದು 79ರ ಒಳಗೇ ಇದೆ. ಸರಾಸರಿಯೊಂದರಿಂದಲೇ ಈ ಫಾರ್ವರ್ಡನ್ನು ಹಿಡಿಯಲಾಗದು.

ಹಿಡಿದುಕೊಡುವುದು ಎಸ್‌ಡಿ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಶಾಲೆಯಲ್ಲಿ ಇದನ್ನು ಮಾನಕ ವಿಚಲನೆ ಎಂದು ಓದಿರುತ್ತೀರಿ. ಪ್ರತಿಯೊಬ್ಬರೂ ಸರಾಸರಿಯಿಂದ ಎಷ್ಟು ದೂರ ಇದ್ದಾರೆ ನೋಡಿ, ಆ ದೂರದ ವರ್ಗ ಮಾಡಿ, ಎಲ್ಲ ವರ್ಗಗಳ ಸರಾಸರಿ ತೆಗೆದರೆ ಬರುವುದು ವೇರಿಯನ್ಸ್. ಅದರ ವರ್ಗಮೂಲವೇ ಎಸ್‌ಡಿ. ಇಲ್ಲಿ ಎಸ್‌ಡಿ 8, ಆದ್ದರಿಂದ ವೇರಿಯನ್ಸ್ 64. 100 ಜನರ ವರ್ಗಗಳನ್ನು ಕೂಡಿಸಿದರೆ ಒಟ್ಟು 6,400.

ಈ 6,400ನ್ನು ಇಡೀ ಗುಂಪಿನ ಕೈಯಲ್ಲಿರುವ ದುಡ್ಡು ಎಂದುಕೊಳ್ಳಿ. ಸರಾಸರಿಯಿಂದ ದೂರ ಹೋಗುವ ಪ್ರತಿಯೊಬ್ಬರೂ ಇದರಲ್ಲೇ ಖರ್ಚು ಮಾಡಬೇಕು. 126 ಎಂದರೆ ಸರಾಸರಿಯಿಂದ 26 ದೂರ. 26ರ ವರ್ಗ 676. ಹಾಗಾಗಿ 126 ಮುಟ್ಟುವ ಒಬ್ಬೊಬ್ಬರಿಗೂ ಕನಿಷ್ಠ 676 ಖರ್ಚು. 6,400ನ್ನು 676ರಿಂದ ಭಾಗಿಸಿದರೆ 9.47. ಹತ್ತನೆಯವರಿಗೆ ದುಡ್ಡು ಸಾಲುವುದಿಲ್ಲ. 25 ಜನರಿಗಾದರೆ 16,900 ಬೇಕು, ಇರುವುದು 6,400 ಮಾತ್ರ.

ಎಸ್‌ಡಿಯನ್ನು ಪೂರ್ಣಾಂಕ ಮಾಡಿ ಹೇಳಿರಬಹುದಲ್ಲ ಎಂದು ನೀವು ಕೇಳಬಹುದು. ಸರಿ, ನಿಜವಾದ ಎಸ್‌ಡಿ 8.49 ಇತ್ತು ಎಂದೇ ಇಟ್ಟುಕೊಳ್ಳೋಣ. ಆಗ ಒಟ್ಟು ಸುಮಾರು 7,208. ಆಗಲೂ 10 ಜನರಿಗಿಂತ ಹೆಚ್ಚು ಹಿಡಿಸುವುದಿಲ್ಲ. (ವೇರಿಯನ್ಸ್ ತೆಗೆಯುವಾಗ 100ರ ಬದಲು 99ರಿಂದ ಭಾಗಿಸುವ ರೂಢಿಯೂ ಇದೆ. ಆಗ ಒಟ್ಟು 6,336 ಆಗುತ್ತದೆ, ಅಷ್ಟೇ.)

ನಾವು ಮಾಡಿದ ಈ ಲೆಕ್ಕವೇ ಚೆಬಿಶೆವ್ ಅಸಮತೆ. ಫ್ರಾನ್ಸಿನ ಬಿಯೆನೆಮೆ 1853ರಲ್ಲೂ ರಷ್ಯಾದ ಚೆಬಿಶೆವ್ 1867ರಲ್ಲೂ ಇದನ್ನು ಪ್ರಕಟಿಸಿದರು. ಮೇಲೆ ಹೇಳಿದ ಮಾರ್ಕೋವ್, ಚೆಬಿಶೆವ್ ಅವರ ಶಿಷ್ಯ. ಚಿಕ್ಕದಾಗಿ ಹೇಳುವುದಾದರೆ, ಸರಾಸರಿಯಿಂದ ಎಸ್‌ಡಿಯ k ಪಟ್ಟು ಅಥವಾ ಅದಕ್ಕಿಂತ ದೂರ ಇರುವವರ ಪಾಲು 1/k² ಮೀರದು. 2 ಪಟ್ಟು ದೂರದಲ್ಲಿ ಹೆಚ್ಚೆಂದರೆ ಕಾಲು ಭಾಗ, 3 ಪಟ್ಟು ದೂರದಲ್ಲಿ ಹೆಚ್ಚೆಂದರೆ ಒಂಬತ್ತರಲ್ಲಿ ಒಂದು. k ಒಂದೇ ಇದ್ದರೆ ಉತ್ತರ "ಎಲ್ಲರೂ ಇರಬಹುದು" ಎಂದಾಗುತ್ತದೆ, ಹಾಗಾಗಿ ಸರಾಸರಿಯ ಹತ್ತಿರದ ಅಂಕಿಗಳನ್ನು ಇದರಿಂದ ಪರೀಕ್ಷಿಸಲಾಗದು.

ಒಂದು ವಿಷಯವನ್ನು ನಾವು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕೆಲವರು ಸರಾಸರಿಗಿಂತ ತುಂಬಾ ಮೇಲಿದ್ದರೆ ಉಳಿದವರು ಸ್ವಲ್ಪವಾದರೂ ಕೆಳಗಿರಲೇಬೇಕು, ಇಲ್ಲದಿದ್ದರೆ ಸರಾಸರಿ 100 ಆಗಿ ಉಳಿಯದು. ಆ ಕೆಳಗಿಳಿಯುವಿಕೆಗೂ ಖರ್ಚಿದೆ. 9 ಜನ 126ರಲ್ಲಿದ್ದರೆ ಅವರೆಲ್ಲ ಸೇರಿ 234 ಹೆಚ್ಚು ತಂದಿದ್ದಾರೆ. ಉಳಿದ 91 ಜನ ಅದನ್ನು ಹಂಚಿಕೊಂಡು ತಲಾ ಸುಮಾರು 2.6ರಷ್ಟು ಕೆಳಗಿಳಿಯಬೇಕು. ಅದರ ಖರ್ಚು ಸುಮಾರು 602. ಮೇಲಿನವರ 6,084 ಸೇರಿಸಿದರೆ 6,686, ಅಂದರೆ 6,400 ಮೀರಿತು. ಹಾಗಾಗಿ 9 ಕೂಡ ಆಗದು. 8 ಜನರಾದರೆ ಒಟ್ಟು ಸುಮಾರು 5,878, ಅದು ಹಿಡಿಸುತ್ತದೆ. ಮೇಲಿನ ಬದಿಯನ್ನು ಮಾತ್ರ ನೋಡುವ ಈ ಬಿಗಿಯಾದ ಮಿತಿಗೆ ಕಾಂಟೆಲ್ಲಿ ಅಸಮತೆ ಎನ್ನುತ್ತಾರೆ. ಸೂತ್ರ 1/(1+k²).

ಇಲ್ಲಿ ಕೆಲವರು ಇನ್ನೂ ಮುಂದೆ ಹೋಗಿಬಿಡುತ್ತಾರೆ. "3 ಎಸ್‌ಡಿ ಆಚೆ ಇರುವುದು ಶೇಕಡಾ 0.3 ಮಾತ್ರ, ಹಾಗಾಗಿ ಒಬ್ಬರೂ ಇರಲಾರರು" ಎಂದು ಗ್ರೂಪ್‌ನಲ್ಲಿ ವಾದಿಸುವವರನ್ನು ನೋಡಿದ್ದೇವೆ. ಆ 0.3 ಗಂಟೆಯಾಕಾರದ ನಕ್ಷೆಗೆ ಮಾತ್ರ ಸೇರಿದ್ದು. ಶುಗರ್ ಅಂಕಿಗಳು ಹಾಗೆ ಹರಡಿಕೊಂಡಿರುವುದಿಲ್ಲ. ಕೆಳಗಡೆ ಬೇಗ ನಿಂತುಬಿಡುತ್ತವೆ, ಮೇಲ್ಗಡೆ ಬಾಲ ಉದ್ದ. ಈಗಷ್ಟೇ ನೋಡಿದ ಗುಂಪನ್ನೇ ತೆಗೆದುಕೊಳ್ಳಿ. 8 ಜನ 126, ಉಳಿದ 92 ಜನ 97.7ರ ಆಸುಪಾಸು. ಸರಾಸರಿ 100, ಎಸ್‌ಡಿ 8ರ ಒಳಗೆ, ಆದರೂ ಶೇಕಡಾ 8 ಜನ 3 ಎಸ್‌ಡಿಗಿಂತ ಆಚೆ ಇದ್ದಾರೆ. ನಕ್ಷೆಯ ಆಕಾರ ಗೊತ್ತಿಲ್ಲದಿದ್ದಾಗ 8ರವರೆಗೆ ಸಾಧ್ಯ ಎಂದಷ್ಟೇ ಹೇಳಬಹುದು. ಹಾಗೆಂದು 8 ಜನ ಇದ್ದೇ ಇದ್ದಾರೆ ಎಂದೂ ಅಲ್ಲ. ಒಬ್ಬರೂ ಇಲ್ಲದಿರಬಹುದು.

ಹಾಗಾದರೆ ಸಂದೇಶದಲ್ಲಿ ತಪ್ಪಿದ್ದು ಯಾವ ಅಂಕಿ? ಅದನ್ನು ಲೆಕ್ಕ ಹೇಳುವುದಿಲ್ಲ. ಮೂರೂ ಒಟ್ಟಿಗೆ ನಿಜವಾಗಿರಲಾರವು ಎಂದಷ್ಟೇ ಹೇಳುತ್ತದೆ. 25 ಎಂಬುದನ್ನೇ ಹಿಗ್ಗಿಸಿ ಬರೆದಿರಬಹುದು. 126ರ ಬದಲು 106 ಇದ್ದಿರಲೂಬಹುದು. 25 ಜನ ನಿಜಕ್ಕೂ 126 ಮುಟ್ಟಿದ್ದರೆ, ಸರಾಸರಿ 100 ಇರುವಾಗ ಎಸ್‌ಡಿ ಕನಿಷ್ಠ 15 ಆದರೂ ಬೇಕು.

ಇನ್ನೊಂದು ಸಾಧ್ಯತೆಯೂ ಇದೆ, ಸಂಶೋಧನಾ ವರದಿಗಳನ್ನು ನಕಲು ಮಾಡುವಾಗ ಇದು ಆಗಾಗ ಆಗುತ್ತದೆ. ವರದಿಯಲ್ಲಿ "100 ± 8" ಎಂದಿರುತ್ತದೆ. ± ಆದಮೇಲೆ ಬರುವುದು ಯಾವಾಗಲೂ ಎಸ್‌ಡಿ ಅಲ್ಲ. ಕೆಲವೊಮ್ಮೆ ಅದು ಸ್ಟ್ಯಾಂಡರ್ಡ್ ಎರರ್, ಅಂದರೆ ಎಸ್‌ಡಿಯನ್ನು ಜನಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು. 100 ಜನರಿದ್ದರೆ ಎಸ್‌ಡಿಯ ಹತ್ತನೇ ಒಂದು ಭಾಗ. ಹಾಗಿದ್ದರೆ ನಿಜವಾದ ಎಸ್‌ಡಿ 80 ಆಗುತ್ತದೆ, ನಮ್ಮ ಮಿತಿ ಏನನ್ನೂ ತಡೆಯುವುದಿಲ್ಲ. ಆದ್ದರಿಂದ "ಸುಳ್ಳು" ಎಂದು ಬರೆಯುವ ಮೊದಲು, ಆ 8 ಎಂಬುದು ಎಸ್‌ಡಿಯೋ ಸ್ಟ್ಯಾಂಡರ್ಡ್ ಎರರ್ರೋ ಎಂದು ಕಳಿಸಿದವರನ್ನೇ ಕೇಳಿ.

ಅಂಕಿಗಳು ಒಂದಕ್ಕೊಂದು ಹೊಂದಿದರೂ ಅವು ಶಿಬಿರಕ್ಕೆ ಬಂದ 100 ಜನರ ಬಗ್ಗೆ ಮಾತ್ರ. ನಿಮ್ಮ ಶುಗರ್ ಎಷ್ಟಿದೆ ಎಂಬುದು ಅವುಗಳಿಂದ ತಿಳಿಯದು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಎಂಬುದು ವೈದ್ಯರು ಮಧುಮೇಹ ಗುರುತಿಸಲು ಬಳಸುವ ಮಟ್ಟವೇ ಹೌದು. ಆದರೆ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಅವರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿಯೇ ಹೇಳುತ್ತಾರೆ.